ಟ್ರಫ್ 8 ಬಂದಿದೆ, ಡೋಸ್ ಏರಿಸಲೇ? ಮಕ್ಕಳಲ್ಲಿ ವ್ಯಾಂಕೊಮೈಸಿನ್ ಮತ್ತು ಕಿಡ್ನಿ

ಪ್ರಶ್ನೆ: ಮಕ್ಕಳ ವಾರ್ಡಿಗೆ ಹೊಸದಾಗಿ ಬಂದಿದ್ದೇನೆ. 6 ವರ್ಷದ ಮಗು, 20 ಕೆಜಿ, ತೊಡೆಮೂಳೆಗೆ ಎಂಆರ್‌ಎಸ್‌ಎ ಸೋಂಕು. ವ್ಯಾಂಕೊಮೈಸಿನ್ 300 ಮಿಗ್ರಾಂ ಆರು ಗಂಟೆಗೊಮ್ಮೆ ಹೋಗ್ತಿದೆ. ಟ್ರಫ್ 8 ಬಂತು. 15ರಿಂದ 20 ಇರಬೇಕು ಅಂತ ಓದಿದ ನೆನಪು. ಡೋಸ್ ಏರಿಸಲಾ? ಕಿಡ್ನಿ ಕೆಡುತ್ತೆ ಅನ್ನೋ ಭಯಾನೂ ಇದೆ.

ಉತ್ತರ:

ಟ್ರಫ್ ಒಂದನ್ನೇ ನೋಡಿ ಏರಿಸಬೇಡಿ. ಇನ್ನೊಂದು ಸ್ಯಾಂಪಲ್ ತೆಗೆದು ಎಯುಸಿ ಲೆಕ್ಕ ಹಾಕಿ, ಆಮೇಲೆ ನಿರ್ಧರಿಸಿ. ಈ ಮಗುವಿಗೆ 8 ಸಾಕಾಗಿರುವ ಸಾಧ್ಯತೆಯೇ ಹೆಚ್ಚು.

ನೀವು ಓದಿದ 15–20 ಎಂಬ ಗುರಿ 2009ರ ಮಾರ್ಗಸೂಚಿಯದು. ವಯಸ್ಕರಲ್ಲಿ, ಹೆಚ್ಚಾಗಿ 12 ಗಂಟೆಗೊಮ್ಮೆ ಔಷಧ ಕೊಟ್ಟಾಗ, ಟ್ರಫ್ ಅಷ್ಟಿದ್ದರೆ ಎಯುಸಿ 400 ದಾಟಿರುತ್ತದೆ ಎಂಬ ಅಂದಾಜಿನ ಮೇಲೆ ಅದು ನಿಂತಿತ್ತು. ಎಯುಸಿ ಅಂದರೆ 24 ಗಂಟೆಯಲ್ಲಿ ರಕ್ತದಲ್ಲಿ ಔಷಧ ಎಷ್ಟು ಪ್ರಮಾಣದಲ್ಲಿ, ಎಷ್ಟು ಹೊತ್ತು ಇತ್ತು ಎಂಬ ಒಟ್ಟು ಮೊತ್ತ. ಬ್ಯಾಕ್ಟೀರಿಯಾ ಸಾಯುವುದು ಈ ಮೊತ್ತಕ್ಕೆ. ಟ್ರಫ್ ಆ ಏರಿಳಿತದ ಅತಿ ತಗ್ಗಿನ ಒಂದು ಬಿಂದು, ಅಷ್ಟೆ. ಮಕ್ಕಳ ಕಿಡ್ನಿ ವ್ಯಾಂಕೊಮೈಸಿನ್ ಅನ್ನು ಬೇಗ ಹೊರಹಾಕುವುದರಿಂದ ಮಟ್ಟ ಎತ್ತರಕ್ಕೆ ಹೋಗಿ ಸರ್ರನೆ ಇಳಿಯುತ್ತದೆ. ಹಾಗಾಗಿ ತಗ್ಗಿನ ಬಿಂದು ಕೆಳಗಿದ್ದರೂ ಮೊತ್ತ ಸರಿಯಿರಬಹುದು. 2020ರ ಪರಿಷ್ಕೃತ ಮಾರ್ಗಸೂಚಿ 15–20ರ ಗುರಿಯನ್ನು ಕೈಬಿಟ್ಟು, ಗಂಭೀರ ಎಂಆರ್‌ಎಸ್‌ಎ ಸೋಂಕಿಗೆ ಎಯುಸಿ 400ರಿಂದ 600 ಎಂದಿತು. ಮಕ್ಕಳಲ್ಲಿ 400ರ ಹತ್ತಿರವೇ ಇರಲಿ, 800 ಮುಟ್ಟದಿರಲಿ, ಟ್ರಫ್ 15 ತಲುಪದಿರಲಿ ಎಂಬುದೂ ಅದರಲ್ಲೇ ಇದೆ.

ನಿಮ್ಮ ಆರಂಭದ ಡೋಸ್ ಸರಿಯಾಗಿದೆ. ಕಿಡ್ನಿ ಚೆನ್ನಾಗಿರುವ, 3 ತಿಂಗಳಿಂದ 12 ವರ್ಷದೊಳಗಿನ ಮಗುವಿಗೆ ದಿನಕ್ಕೆ ಕೆಜಿಗೆ 60ರಿಂದ 80 ಮಿಗ್ರಾಂ. ಅದನ್ನು ಆರು ಅಥವಾ ಎಂಟು ಗಂಟೆಗೊಮ್ಮೆ ಹಂಚಿ ಕೊಡುತ್ತಾರೆ. ನಿಮ್ಮದು ದಿನಕ್ಕೆ 1200, ಅಂದರೆ ಕೆಜಿಗೆ 60. (ನವಜಾತ ಶಿಶುಗಳ ಲೆಕ್ಕವೇ ಬೇರೆ, ಈ ಅಂಕಿಗಳನ್ನು ಅಲ್ಲಿಗೆ ಒಯ್ಯಬೇಡಿ.) 300 ಮಿಗ್ರಾಂ ಅನ್ನು 60 ಎಂಎಲ್‌ಗೆ ತೆಳು ಮಾಡಿದರೆ ಎಂಎಲ್‌ಗೆ 5 ಮಿಗ್ರಾಂ ಆಗುತ್ತದೆ. ಅದನ್ನು ಕನಿಷ್ಠ 60 ನಿಮಿಷ ಓಡಿಸಿ. ಬೇಗ ಓಡಿಸಿದರೆ ಮುಖ, ಕುತ್ತಿಗೆ ಕೆಂಪಾಗಿ ತುರಿಕೆ ಬರುತ್ತದೆ. ಅದು ಸಾಮಾನ್ಯವಾಗಿ ವೇಗದ ತೊಂದರೆ, ನಿಜವಾದ ಅಲರ್ಜಿ ಅಲ್ಲ. ಆದರೆ ಉಬ್ಬಸವೋ ಬಿಪಿ ಇಳಿಯುವುದೋ ಕಂಡರೆ ಅಲರ್ಜಿ ಎಂದೇ ನೋಡಿ.

ಈಗ ಎರಡು ಸ್ಯಾಂಪಲ್‌ಗಳ ವಿಷಯ. ಮೂರನೆಯ ಅಥವಾ ನಾಲ್ಕನೆಯ ಡೋಸ್ ಆದಮೇಲೆ ತೆಗೆಯಬಹುದು. ಚಿಕಿತ್ಸೆ ಶುರುವಾದ 24–48 ಗಂಟೆಯೊಳಗೆ ಲೆಕ್ಕ ಕೈಗೆ ಬಂದಿರಬೇಕು. ಔಷಧ 12ಕ್ಕೆ ಶುರುವಾಗಿ 1ಕ್ಕೆ ಮುಗಿಯಿತು ಎನ್ನೋಣ. ಮೊದಲ ಸ್ಯಾಂಪಲ್ 2ಕ್ಕೆ ತೆಗೆಯಿರಿ. ಮುಗಿದ ಕೂಡಲೇ ತೆಗೆದರೆ ಔಷಧ ಇನ್ನೂ ಅಂಗಾಂಶಕ್ಕೆ ಹರಡುತ್ತಿರುತ್ತದೆ, ಅಂಕಿ ಸುಳ್ಳು ಎತ್ತರ ತೋರಿಸುತ್ತದೆ. ಎರಡನೆಯದು ಮುಂದಿನ ಡೋಸ್‌ಗೆ ಅರ್ಧ ಗಂಟೆ ಮುಂಚೆ, 5:30ಕ್ಕೆ. ಮೊದಲನೆಯದು 22, ಎರಡನೆಯದು 8 ಬಂದರೆ:

```
k      = ln(22/8) / 3.5        = 0.289
t1/2   = 0.693 / 0.289         = 2.4 h
1:00   = 22 × e^(0.289×1)      = 29.4
6:00   = 8 × e^(-0.289×0.5)    = 6.9
AUC_6h = (6.9+29.4)/2 × 1 + (29.4-6.9)/0.289 ≈ 96
AUC_24 = 96 × 4 ≈ 384
```

k ಅಂದರೆ ಗಂಟೆಗೆ ಔಷಧ ಇಳಿಯುವ ದರ. ಅದನ್ನು ಹಿಡಿದು ಔಷಧ ಮುಗಿದ 1 ಗಂಟೆಯ ಹೊತ್ತಿನ ನಿಜವಾದ ಎತ್ತರವನ್ನೂ 6 ಗಂಟೆಯ ನಿಜವಾದ ತಗ್ಗನ್ನೂ ಕಂಡುಕೊಂಡಿದ್ದೇವೆ. ಆಮೇಲೆ ಏರುವ ಒಂದು ಗಂಟೆ, ಇಳಿಯುವ ಐದು ಗಂಟೆ ಎರಡನ್ನೂ ಕೂಡಿಸಿದ್ದೇವೆ. ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ `log` ಅಲ್ಲ, `ln` ಒತ್ತಬೇಕು. ಇಲ್ಲಿ ಎಡವುವವರು ಬಹಳ, ಒತ್ತಿದ್ದು ತಪ್ಪಾದರೆ ಇಡೀ ಲೆಕ್ಕ ಹಾಳು.

384 ಅಂದರೆ 400ರ ಹೊಸ್ತಿಲಲ್ಲೇ ಇದೆ. ಮಗು ಸುಧಾರಿಸುತ್ತಿದ್ದರೆ ನಾನು ಈ ಡೋಸನ್ನು ಮುಟ್ಟುವುದಿಲ್ಲ. ಈ ಮಗುವಿನ ಟ್ರಫ್ ಅನ್ನು ಹಟ ಹಿಡಿದು 15ಕ್ಕೆ ಏರಿಸಿದರೆ ಏನಾಗುತ್ತದೆ ನೋಡಿ. ಒಂದು ಡೋಸ್ ಸುಮಾರು 650 ಮಿಗ್ರಾಂ ಆಗಬೇಕು, ಎಯುಸಿ 830ಕ್ಕೆ ಹೋಗುತ್ತದೆ. ಸೋಂಕಿಗೆ ಅದರಿಂದ ಹೆಚ್ಚಿನ ಲಾಭವಿಲ್ಲ, ಪೆಟ್ಟು ಬೀಳುವುದು ಕಿಡ್ನಿಗೆ.

ಉಲ್ಟಾ ಕೂಡ ಆಗಬಹುದು. ಟ್ರಫ್ ಅದೇ 8 ಇದ್ದು ಮೊದಲ ಸ್ಯಾಂಪಲ್ 18 ಮಾತ್ರ ಬಂದಿದ್ದರೆ, ಇದೇ ದಾರಿಯಲ್ಲಿ ಲೆಕ್ಕ ಹಾಕಿದಾಗ ಎಯುಸಿ ಸುಮಾರು 330. ಆಗ ಏರಿಸುವುದು ಸರಿ. ಕಿಡ್ನಿ ಸ್ಥಿರವಾಗಿರುವವರೆಗೆ ಡೋಸ್ ಎಷ್ಟು ಪಟ್ಟು ಏರುತ್ತದೋ ಎಯುಸಿಯೂ ಅಷ್ಟೇ ಪಟ್ಟು ಏರುತ್ತದೆ, ಆದ್ದರಿಂದ 300ನ್ನು 360 ಮಾಡಿದರೆ ಸುಮಾರು 395 ಸಿಗುತ್ತದೆ. ಒಂದೇ ಟ್ರಫ್, ಎರಡು ಬೇರೆ ತೀರ್ಮಾನ. ಅದಕ್ಕೇ ಒಂದು ಅಂಕಿಯನ್ನು ನಂಬಬೇಡಿ ಎಂದೆ.

ಆದರೆ ಲೆಕ್ಕಕ್ಕಿಂತ ಹೆಚ್ಚು ಕೆಡುವುದು ಸ್ಯಾಂಪಲ್. ಅರ್ಧಾಯು 2.4 ಗಂಟೆ ಇರುವ ಮಗುವಿನಲ್ಲಿ ಒಂದು ಗಂಟೆ ಆಚೀಚೆ ಆದರೆ ಮಟ್ಟ ಕಾಲು ಭಾಗ ಬದಲಾಗುತ್ತದೆ. ಚಾರ್ಟಿನಲ್ಲಿ "12ಕ್ಕೆ" ಎಂದಿರುತ್ತದೆ, ಔಷಧ ಶುರುವಾಗಿದ್ದು 12:40ಕ್ಕೆ. ಲ್ಯಾಬ್ ಫಾರಂನಲ್ಲಿ ಆರ್ಡರಿನ ಸಮಯ ಬೇಡ; ಔಷಧ ಶುರುವಾದ, ಮುಗಿದ ಮತ್ತು ರಕ್ತ ತೆಗೆದ ಗಂಟೆ-ನಿಮಿಷ ಮೂರನ್ನೂ ಸಿಸ್ಟರ್ ಹತ್ತಿರ ಕೇಳಿ ಬರೆಯಿರಿ. ಔಷಧ ಹೋಗುವ ಲೈನಿನಿಂದಲೇ ರಕ್ತ ತೆಗೆದರೆ ಒಳಗೆ ಅಂಟಿದ ಔಷಧ ಸೇರಿ ಅಂಕಿ ವಿಪರೀತ ಏರುತ್ತದೆ. ಇನ್ನೊಂದು ಕೈಯಿಂದ ತೆಗೆಸಿ. ಸಿರಿಂಜ್ ಪಂಪ್ ನಿಂತಮೇಲೆ ಉದ್ದನೆಯ ಟ್ಯೂಬಿನಲ್ಲಿ ಉಳಿದ ಎಂಎಲ್‌ಗಳೂ ಡೋಸಿನ ಭಾಗವೇ. ಅದನ್ನು ಅದೇ ವೇಗದಲ್ಲಿ ಸಲೈನ್ ಹಾಕಿ ಒಳಗೆ ಕಳಿಸಬೇಕು, ಇಲ್ಲವಾದರೆ ಮಗುವಿಗೆ ಸೇರಿದ್ದು 300 ಅಲ್ಲ.

ಇನ್ನು ಕಿಡ್ನಿ. ವ್ಯಾಂಕೊಮೈಸಿನ್ ಹೊಡೆಯುವುದು ಮುಖ್ಯವಾಗಿ ಕಿಡ್ನಿಯ ಸೂಕ್ಷ್ಮ ನಾಳಗಳ ಮೊದಲ ಭಾಗದ ಜೀವಕೋಶಗಳನ್ನು. ಕ್ರಿಯಾಟಿನಿನ್ ಏರಿ ಅದು ರಿಪೋರ್ಟಿನಲ್ಲಿ ಕಾಣುವ ಹೊತ್ತಿಗೆ ಒಂದೆರಡು ದಿನ ಕಳೆದಿರುತ್ತದೆ. ಮಕ್ಕಳಲ್ಲಿ ಇನ್ನೊಂದು ಮೋಸವಿದೆ. ನಿಮ್ಮ ಮಗುವಿನ ಕ್ರಿಯಾಟಿನಿನ್ ಶುರುವಿನಲ್ಲಿ 0.4 ಇತ್ತು, ನಾಲ್ಕನೇ ದಿನ 0.7 ಬಂತು ಎಂದಿಟ್ಟುಕೊಳ್ಳಿ. ಎಷ್ಟೋ ಲ್ಯಾಬ್‌ಗಳು ವಯಸ್ಕರ ಮಿತಿಯನ್ನೇ ಮುದ್ರಿಸುವುದರಿಂದ 0.7ರ ಪಕ್ಕದಲ್ಲಿ ಯಾವ ಗುರುತೂ ಇರುವುದಿಲ್ಲ, ರಿಪೋರ್ಟ್ "ನಾರ್ಮಲ್" ಆಗಿಯೇ ಕಾಣುತ್ತದೆ. ವಾಸ್ತವದಲ್ಲಿ ಅದು ಒಂದೂಮುಕ್ಕಾಲು ಪಟ್ಟು ಏರಿದೆ. 48 ಗಂಟೆಯಲ್ಲಿ 0.3 ಏರಿದರೆ, ಅಥವಾ ಏಳು ದಿನದಲ್ಲಿ ಒಂದೂವರೆ ಪಟ್ಟಾದರೆ, ಅದನ್ನು ಕಿಡ್ನಿಗೆ ಬಿದ್ದ ಪೆಟ್ಟು ಎಂದೇ ಎಣಿಸಬೇಕು. ಹಾಗಾಗಿ ಮೊದಲ ದಿನದ ಕ್ರಿಯಾಟಿನಿನ್ ಅನ್ನು ಚಾರ್ಟಿನ ಮೇಲೆ ದೊಡ್ಡದಾಗಿ ಬರೆದಿಡಿ, ಪ್ರತಿ ರಿಪೋರ್ಟನ್ನೂ ಅದಕ್ಕೆ ಹೋಲಿಸಿ. ಮೂತ್ರದ ಲೆಕ್ಕ ಇನ್ನೂ ಸುಲಭ: ಗಂಟೆಗೆ ಕೆಜಿಗೆ ಅರ್ಧ ಎಂಎಲ್‌ಗಿಂತ ಕಡಿಮೆ, ಅಂದರೆ ಈ ಮಗು ಆರು ಗಂಟೆಯಲ್ಲಿ 60 ಎಂಎಲ್ ಕೂಡ ಹೋಗದಿದ್ದರೆ ಎಚ್ಚರ.

ಕ್ರಿಯಾಟಿನಿನ್‌ಗಿಂತ ಮುಂಚೆಯೇ ಸುಳಿವು ಕೊಡುವುದು ಔಷಧದ ಮಟ್ಟ. ಡೋಸ್ ಬದಲಾಗಿಲ್ಲ, ಸ್ಯಾಂಪಲ್ ಸರಿಯಾಗಿದೆ, ಟ್ರಫ್ ಮಾತ್ರ 8ರಿಂದ 14ಕ್ಕೆ ಏರಿದೆ ಅಂದರೆ "ಈಗ ಮಟ್ಟ ಚೆನ್ನಾಗಿ ಬಂತು" ಎಂದು ಸಮಾಧಾನ ಪಡಬೇಡಿ. ಕಿಡ್ನಿ ಔಷಧ ಹೊರಹಾಕುವುದನ್ನು ನಿಧಾನಿಸಿದೆ ಎಂದೇ ಓದಿಕೊಳ್ಳಿ, ಅವತ್ತೇ ಕ್ರಿಯಾಟಿನಿನ್ ಮತ್ತೆ ಕಳಿಸಿ.

ಪೆಟ್ಟು ಬಿದ್ದಿದೆ ಎಂದು ಗೊತ್ತಾದರೆ ಮುಂದಿನ ಡೋಸ್ ನಿಲ್ಲಿಸಿ. ಎತ್ತರ, ಕ್ರಿಯಾಟಿನಿನ್ ಹಾಕಿ ಜಿಎಫ್‌ಆರ್ ಕಂಡುಕೊಂಡು ಡೋಸ್ ಇಳಿಸುತ್ತೇನೆ ಎಂದರೆ ಈ ಹಂತದಲ್ಲಿ ಅದು ನಡೆಯುವುದಿಲ್ಲ. ಕ್ರಿಯಾಟಿನಿನ್ ಇನ್ನೂ ಏರುತ್ತಿರುವಾಗ ಸೂತ್ರ ಕಿಡ್ನಿಯನ್ನು ನಿಜಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಅದರ ಬದಲು 12 ಗಂಟೆ ಅಂತರದಲ್ಲಿ ಎರಡು ಮಟ್ಟ ನೋಡಿ. 24 ಇದ್ದದ್ದು 15 ಆಯಿತು ಎಂದರೆ ಅರ್ಧಾಯು ಸುಮಾರು 18 ಗಂಟೆ, 10ಕ್ಕೆ ಇಳಿಯಲು ಇನ್ನೂ ಹತ್ತು ಗಂಟೆ ಬೇಕು. ವ್ಯಾಂಕೊಮೈಸಿನ್ ಮುಂದುವರಿಸಲೇಬೇಕಿದ್ದರೆ ಮಟ್ಟ 10–15ರ ಒಳಗೆ ಬಂದಾಗ ಕೆಜಿಗೆ 10ರಿಂದ 15 ಮಿಗ್ರಾಂನ ಒಂದೇ ಡೋಸ್ ಕೊಟ್ಟು, ಮತ್ತೆ ಮಟ್ಟ ನೋಡಿಯೇ ಮುಂದಿನದು. ಆದರೆ ಅಷ್ಟು ಹೊತ್ತಿಗೆ ಔಷಧ ಬದಲಿಸುವ ಮಾತನ್ನು ಸೀನಿಯರ್ ಜೊತೆ ಆಡಿರಬೇಕು. ಕಲ್ಚರಿನಲ್ಲಿ ಕ್ಲಿಂಡಮೈಸಿನ್‌ಗೆ ಬಗ್ಗುತ್ತದೆ, ಡಿ-ಟೆಸ್ಟ್ ನೆಗೆಟಿವ್ ಇದೆ ಎಂದಾದರೆ ಮೂಳೆ ಸೋಂಕಿಗೆ ಅದು ಒಳ್ಳೆಯ ದಾರಿ, ಲಿನೆಜೊಲಿಡ್ ಇನ್ನೊಂದು.

ಜೊತೆಗೆ ಏನೇನು ಹೋಗುತ್ತಿದೆ ಎಂದು ಇವತ್ತೇ ಚಾರ್ಟ್ ತಿರುಗಿಸಿ ನೋಡಿ. ಮೂಳೆ ಸೋಂಕಿನ ಮಕ್ಕಳಿಗೆ ನೋವಿಗೆಂದು ಐಬುಪ್ರೊಫೆನ್ ಬರೆದುಬಿಟ್ಟಿರುತ್ತಾರೆ. ವ್ಯಾಂಕೊಮೈಸಿನ್ ಇರುವಾಗ, ಅದರಲ್ಲೂ ಜ್ವರದಲ್ಲಿ ಮಗು ನೀರು ಕುಡಿಯದೆ ಒಣಗಿರುವಾಗ, ಈ ಜೋಡಿ ಅಪಾಯ. ಪ್ಯಾರಾಸಿಟಮಾಲ್‌ಗೆ ಬದಲಿಸಿ. ಅಮಿಕಾಸಿನ್, ಜೆಂಟಮೈಸಿನ್, ಫ್ಯೂರೊಸೆಮೈಡ್, ಎಸೈಕ್ಲೊವಿರ್ ಕೂಡ ಹೊರೆ ಹೆಚ್ಚಿಸುತ್ತವೆ. ಪಿಪರಾಸಿಲಿನ್-ಟಾಜೊಬ್ಯಾಕ್ಟಮ್ ಜೊತೆಗಿದ್ದಾಗ ಕ್ರಿಯಾಟಿನಿನ್ ಏರುವುದು ಮಕ್ಕಳಲ್ಲೂ ಕಂಡುಬಂದಿದೆ. ಅದರಲ್ಲಿ ಎಷ್ಟು ಪಾಲು ನಿಜವಾದ ಹಾನಿ, ಎಷ್ಟು ಪಾಲು ಕ್ರಿಯಾಟಿನಿನ್ ಹೊರಹೋಗುವುದಕ್ಕೆ ಬಿದ್ದ ತಡೆ ಎಂಬ ಚರ್ಚೆ ಇದೆ. ಅದೇನೇ ಇರಲಿ, ಎಂಆರ್‌ಎಸ್‌ಎ ಒಂದೇ ಬೆಳೆದಿರುವಾಗ ಆ ಔಷಧ ಅಭ್ಯಾಸಬಲದಿಂದ ಮುಂದುವರಿಯುತ್ತಿದ್ದರೆ ತೆಗೆಸಿಬಿಡಿ.

ನಿಮ್ಮಲ್ಲಿ ಮಟ್ಟ ನೋಡುವ ಯಂತ್ರವಿಲ್ಲದೆ ಸ್ಯಾಂಪಲ್ ಹೊರಗೆ ಹೋಗಿ ರಿಪೋರ್ಟ್ ಮರುದಿನ ಬರುತ್ತಿದ್ದರೆ, ಒಂದೇ ಸ್ಯಾಂಪಲ್ ಸಾಧ್ಯವಿದ್ದರೆ, ಟ್ರಫ್ ಅನ್ನೇ ನೋಡಿ. ಕಿಡ್ನಿ ಚೆನ್ನಾಗಿದ್ದು ಆರು ಗಂಟೆಗೊಮ್ಮೆ ಔಷಧ ಹೋಗುವ ಮಗುವಿನಲ್ಲಿ 7ರಿಂದ 10ರ ಟ್ರಫ್ ಸಾಮಾನ್ಯವಾಗಿ 400ರ ಆಸುಪಾಸಿನ ಎಯುಸಿಗೆ ಸಮ. ಆಗ ದಿನ ಬಿಟ್ಟು ದಿನವಾದರೂ ಕ್ರಿಯಾಟಿನಿನ್, ದಿನವೂ ಮೂತ್ರದ ಲೆಕ್ಕ ತಪ್ಪಿಸಬೇಡಿ.

ನಿಮ್ಮ ಮಗುವಿನ ಮಟ್ಟಿಗೆ, ಇವತ್ತು ಸಂಜೆಯ ಡೋಸ್ ಅನ್ನು 300ರಲ್ಲೇ ಕೊಡಿ, ಅದು ಮುಗಿದ ಒಂದು ಗಂಟೆಗೆ ಸ್ಯಾಂಪಲ್ ತೆಗೆಸಿ, ಮುಂದಿನ ಡೋಸ್‌ಗೆ ಅರ್ಧ ಗಂಟೆ ಮುಂಚೆ ಇನ್ನೊಂದು. ಜೊತೆಯಲ್ಲೇ ಕ್ರಿಯಾಟಿನಿನ್ ಕಳಿಸಿ.