ಟ್ರೇಡಿಂಗ್ ಆ್ಯಪ್ ನಂಬಲರ್ಹವೇ ಎಂದು ತಿಳಿಯಲು ಏನು ಕೇಳಬೇಕು?

ಪ್ರಶ್ನೆ: ಮೊದಲ ಸಲ ಷೇರಿನಲ್ಲಿ ಹಣ ಹೂಡಬೇಕೆಂದಿದ್ದೇನೆ. ನೋಡಿದ ಆ್ಯಪ್‌ಗಳೆಲ್ಲ ಕಮಿಷನ್ ಇಲ್ಲ ಎನ್ನುತ್ತಿವೆ. ಯಾವುದನ್ನು ನಂಬಬಹುದು, ಒಳಗಿಂದೊಳಗೆ ಹಣ ಕಡಿಯುತ್ತಾರೆಯೇ ಎಂದು ತಿಳಿಯಲು ಅವರನ್ನು ಏನೇನು ಕೇಳಬೇಕು?

ಉತ್ತರ:

ಕಮಿಷನ್ ಎಷ್ಟು ಎಂದು ಕೇಳಿದರೆ ಸೊನ್ನೆ ಎಂಬ ಉತ್ತರ ಬರುತ್ತದೆ, ಅನೇಕ ವೇಳೆ ಅದು ನಿಜವೂ ಆಗಿರುತ್ತದೆ. ಆದರೆ ಕಮಿಷನ್ ಎನ್ನುವುದು ಹಲವು ಖರ್ಚುಗಳಲ್ಲಿ ಒಂದು ಮಾತ್ರ. ನಾನು ಯಾವ ಬ್ರೋಕರನ್ನೇ ಆಗಲಿ ಮೊದಲು ಕೇಳುವ ಪ್ರಶ್ನೆ ಬೇರೆ, ಅದನ್ನು ಅವರ ಗ್ರಾಹಕ ಸೇವೆಗೆ ಬರವಣಿಗೆಯಲ್ಲೇ ಕಳುಹಿಸುತ್ತೇನೆ: "ನಾನು ಇಂದು 10,000 ಹಾಕಿ ಇಂಥ ಷೇರನ್ನು ಕೊಂಡು, ಮಾರುಕಟ್ಟೆ ಬೆಲೆ ಕದಲುವ ಮೊದಲೇ ಅದನ್ನು ಮಾರಿ, ಹಣವನ್ನೆಲ್ಲ ಬ್ಯಾಂಕ್ ಖಾತೆಗೆ ತರಿಸಿಕೊಂಡರೆ ನನ್ನ ಕೈಗೆ ಬರುವುದೆಷ್ಟು? ಕಡಿತವಾಗುವ ಒಂದೊಂದು ಮೊತ್ತವೂ ಯಾವುದಕ್ಕೆ?"

ಈ ಪ್ರಶ್ನೆ ಏಕೆ ಮುಖ್ಯ ಎಂಬುದನ್ನು ಒಂದು ಲೆಕ್ಕದಿಂದ ನೋಡೋಣ. ನೀವು ಕೊಳ್ಳಬೇಕೆಂದಿರುವ ಷೇರು ಬೇರೊಂದು ದೇಶದ ಕರೆನ್ಸಿಯಲ್ಲಿದೆ, ಆ್ಯಪ್‌ನ ಕಮಿಷನ್ ಸೊನ್ನೆ, ಕರೆನ್ಸಿ ಪರಿವರ್ತನೆಗೆ ಅದು ಶೇ. 1 ಹಿಡಿಯುತ್ತದೆ ಎಂದುಕೊಳ್ಳಿ. ಹಾಕಿದ 10,000ದಲ್ಲಿ ಕೊಳ್ಳುವ ಮೊದಲೇ 100 ಹೋಗಿ 9,900 ಉಳಿಯುತ್ತದೆ. ಕೊಳ್ಳುವವರಿಗೆ ತೋರಿಸುವ ಬೆಲೆ 100.20, ಮಾರುವವರಿಗೆ ತೋರಿಸುವ ಬೆಲೆ 99.80 ಆಗಿದ್ದರೆ, ಸ್ಪ್ರೆಡ್ ಎಂದು ಕರೆಯುವ ಆ ಅಂತರದಲ್ಲಿ ಇನ್ನೂ ಸುಮಾರು 40 ಕಳೆಯುತ್ತದೆ, ಮತ್ತು ಇದು ಯಾವ ಬಿಲ್ಲಿನಲ್ಲೂ ಶುಲ್ಕವೆಂದು ಕಾಣಿಸುವುದಿಲ್ಲ. ಮಾರಿದ ಮೇಲೆ ನಿಮ್ಮ ಕರೆನ್ಸಿಗೆ ಮರಳಿ ಬದಲಾಯಿಸುವಾಗ ಮತ್ತೆ ಶೇ. 1, ಅಂದರೆ ಸುಮಾರು 99. ಹಣ ಹಿಂಪಡೆಯುವ ಶುಲ್ಕ 60 ಎಂದಿದ್ದರೆ, ಕೊನೆಗೆ ಕೈಗೆ ಬರುವುದು ಸುಮಾರು 9,700. ಕಮಿಷನ್ ಇಲ್ಲದ ಈ ವ್ಯವಹಾರದಲ್ಲಿ ಷೇರು ಶೇ. 3ರಷ್ಟು ಏರಿದ ಮೇಲಷ್ಟೇ ನೀವು ಹಾಕಿದ ಹಣದ ಮಟ್ಟಕ್ಕೆ ಬರುತ್ತೀರಿ.

ಇದೇ ಲೆಕ್ಕವನ್ನು 10,000ದ ಬದಲು 1,000ಕ್ಕೆ ಮಾಡಿ ನೋಡಿ. ಶೇಕಡಾವಾರು ಕಡಿತಗಳು ಹೂಡಿಕೆಯ ಜೊತೆಗೆ ತಗ್ಗುತ್ತವೆ, ಆದರೆ ಹಿಂಪಡೆಯುವ ಶುಲ್ಕದ 60 ಹಾಗೆಯೇ ಉಳಿಯುತ್ತದೆ. ಕೈಗೆ ಬರುವುದು ಸುಮಾರು 916, ಅಂದರೆ ಶೇ. 8ಕ್ಕಿಂತ ಹೆಚ್ಚು ನಷ್ಟ. ಸಣ್ಣ ಮೊತ್ತದಿಂದ ಶುರು ಮಾಡುವವರನ್ನು ಹೆಚ್ಚು ಕಾಡುವುದು ಇಂಥ ಸ್ಥಿರ ಶುಲ್ಕಗಳೇ. ಆದ್ದರಿಂದ ನಾನು ಎರಡನೆಯದಾಗಿ ಕೇಳುವುದು, "ನಾನು ಒಂದು ವರ್ಷ ಏನನ್ನೂ ಕೊಳ್ಳದೆ, ಮಾರದೆ ಸುಮ್ಮನಿದ್ದರೆ ಖಾತೆಯಿಂದ ಎಷ್ಟು ಕಡಿತವಾಗುತ್ತದೆ?" ಎಂದು. ಖಾತೆಯ ನಿರ್ವಹಣಾ ಶುಲ್ಕ, ವ್ಯವಹಾರ ನಡೆಸದವರಿಗೆ ಹಾಕುವ ಶುಲ್ಕ, ಇವೆರಡೂ ಆ ಉತ್ತರದಲ್ಲಿ ಹೊರಬರಬೇಕು. ಷೇರುಗಳನ್ನು ಇನ್ನೊಬ್ಬ ಬ್ರೋಕರ್‌ಗೆ ವರ್ಗಾಯಿಸಲು ಎಷ್ಟು ತಗಲುತ್ತದೆ ಎಂದೂ ಕೇಳಿ. ತಿಂಗಳಿಗೆ 10 ಎಂಬುದು ಚಿಕ್ಕದಾಗಿ ಕಂಡರೂ 1,000ದ ಖಾತೆಯಲ್ಲಿ ಅದು ವರ್ಷಕ್ಕೆ ಶೇ. 12.

ಇಷ್ಟಾದ ಮೇಲೂ ಖರ್ಚು ಕಡಿಮೆ ಎಂದು ಕಂಡರೆ, ಅವರಿಗೆ ಆದಾಯ ಎಲ್ಲಿಂದ ಬರುತ್ತದೆ ಎಂದು ನೇರವಾಗಿ ಕೇಳಿ. ಕೆಲವು ದೇಶಗಳಲ್ಲಿ ಬ್ರೋಕರ್‌ಗಳು ಗ್ರಾಹಕರ ಕೊಳ್ಳುವ, ಮಾರುವ ಆದೇಶಗಳನ್ನು ದೊಡ್ಡ ವ್ಯಾಪಾರ ಸಂಸ್ಥೆಗಳಿಗೆ ಕಳುಹಿಸಿ ಅವರಿಂದ ಹಣ ಪಡೆಯುತ್ತಾರೆ. ಅದು ಗ್ರಾಹಕರಿಗೆ ದುಬಾರಿಯಾಗಬಹುದೇ ಎಂಬ ಅನುಮಾನ ಊಹೆಯ ಮಾತಲ್ಲ. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ನಿಯಂತ್ರಕ ಸಂಸ್ಥೆಯಾದ ಎಸ್‌ಇಸಿ, ಕಮಿಷನ್ ಇಲ್ಲದ ಟ್ರೇಡಿಂಗ್ ಆ್ಯಪ್ ನಡೆಸುವ ರಾಬಿನ್‌ಹುಡ್ ಕಂಪನಿಯ ಮೇಲೆ ಕ್ರಮ ಕೈಗೊಂಡಾಗ, ಕಮಿಷನ್ ಉಳಿತಾಯವನ್ನು ಕಳೆದ ಮೇಲೂ ಗ್ರಾಹಕರು ಕಳಪೆ ಬೆಲೆಗಳಿಂದಾಗಿ ಒಟ್ಟು 3.41 ಕೋಟಿ ಡಾಲರ್ ಕಳೆದುಕೊಂಡಿದ್ದರು ಎಂದು ಹೇಳಿತು. ಕಂಪನಿಯು ಆರೋಪವನ್ನು ಒಪ್ಪದೆ, ಅಲ್ಲಗಳೆಯದೆ 6.5 ಕೋಟಿ ಡಾಲರ್ ದಂಡ ಕಟ್ಟಲು ಸಮ್ಮತಿಸಿತು. ಹಾಗಾಗಿ "ನನ್ನ ಆದೇಶವನ್ನು ಯಾರಿಗೆ ಕಳುಹಿಸುತ್ತೀರಿ, ಅದಕ್ಕೆ ಅವರಿಂದ ನಿಮಗೆ ಹಣ ಸಿಗುತ್ತದೆಯೇ?" ಎಂದು ಕೇಳುವುದು ಗ್ರಾಹಕರಾದ ನಿಮ್ಮ ಹಕ್ಕು.

ಹೊಸಬರು ಗಮನಿಸದೆ ಬಿಡುವ ಇನ್ನೊಂದು ಸಂಗತಿಯೆಂದರೆ, ಪರದೆಯ ಮೇಲೆ ಕಂಪನಿಯ ಹೆಸರು ಇದ್ದ ಮಾತ್ರಕ್ಕೆ ನೀವು ಕೊಳ್ಳುತ್ತಿರುವುದು ಆ ಕಂಪನಿಯ ಷೇರೇ ಆಗಿರಬೇಕೆಂದಿಲ್ಲ. ಅದು ಸಿಎಫ್‌ಡಿ ಆಗಿರಬಹುದು, ಅಂದರೆ ಷೇರಿನ ಬೆಲೆಯ ಏರಿಳಿತದ ಮೇಲೆ ಬ್ರೋಕರ್ ಜೊತೆ ನೀವು ಮಾಡಿಕೊಳ್ಳುವ ಒಂದು ಒಪ್ಪಂದ. ಸಾಮಾನ್ಯವಾಗಿ ಅದರಲ್ಲಿ ಸಾಲವೂ ಸೇರಿರುವುದರಿಂದ ಒಪ್ಪಂದವನ್ನು ರಾತ್ರಿ ದಾಟಿಸಿದರೆ ದಿನವೂ ಬಡ್ಡಿ ಕಡಿತವಾಗುತ್ತದೆ. ಯುರೋಪಿನ ನಿಯಂತ್ರಕ ಸಂಸ್ಥೆ ಎಸ್ಮಾ 2018ರಲ್ಲಿ ಇವುಗಳಿಗೆ ಮಿತಿ ಹೇರಿದಾಗ, ಸಾಮಾನ್ಯ ಹೂಡಿಕೆದಾರರ ಖಾತೆಗಳಲ್ಲಿ ಶೇ. 74ರಿಂದ 89ರಷ್ಟು ನಷ್ಟ ಅನುಭವಿಸುತ್ತವೆ ಎಂದು ತಿಳಿಸಿತ್ತು. ಮೊದಲ ಹೂಡಿಕೆಗೆ ಇದು ಖಂಡಿತ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಶುಲ್ಕ ಎಷ್ಟೇ ಕಡಿಮೆಯಿದ್ದರೂ ಹಣ ಯಾರ ಕೈಯಲ್ಲಿದೆ ಎಂಬುದು ಗೊತ್ತಿರಬೇಕು. ಖಾತೆಯ ಒಪ್ಪಂದಪತ್ರವನ್ನು ತೆರೆದು, ನಿಮ್ಮೊಡನೆ ಒಪ್ಪಂದ ಮಾಡಿಕೊಳ್ಳುತ್ತಿರುವ ಕಂಪನಿಯ ಪೂರ್ಣ ಹೆಸರನ್ನು ಹುಡುಕಿ. ಜಾಹೀರಾತಿನಲ್ಲಿ ಮೆರೆಯುವ ಪರವಾನಗಿ ಒಂದು ಕಂಪನಿಯದಾಗಿದ್ದು, ನಿಮ್ಮ ಖಾತೆ ಅದೇ ಹೆಸರಿನ ಬೇರೊಂದು ದೇಶದ ಅಂಗಸಂಸ್ಥೆಯಲ್ಲಿ ತೆರೆದುಕೊಳ್ಳುವುದುಂಟು, ಆಗ ಆ ಪರವಾನಗಿಯ ರಕ್ಷಣೆ ನಿಮಗೆ ಸಿಗುವುದಿಲ್ಲ. ಸಿಕ್ಕ ಹೆಸರನ್ನು ನಿಯಂತ್ರಕ ಸಂಸ್ಥೆಯ ನೋಂದಣಿ ಪಟ್ಟಿಯಲ್ಲಿ ನೋಡಿ, ಆದರೆ ಆ್ಯಪ್ ಕೊಡುವ ಲಿಂಕ್ ಮೂಲಕ ಹೋಗಬೇಡಿ. ಅಸಲಿ ಕಂಪನಿಯ ಹೆಸರು, ನೋಂದಣಿ ಸಂಖ್ಯೆ ಎರಡನ್ನೂ ನಕಲು ಮಾಡುವ ವಂಚಕರಿದ್ದಾರೆ. ಪಟ್ಟಿಯಲ್ಲಿರುವ ಜಾಲತಾಣದ ವಿಳಾಸ ಹಾಗೂ ಫೋನ್ ಸಂಖ್ಯೆಗಳು ನಿಮ್ಮ ಬಳಿಯಿರುವವುಗಳಿಗೆ ಹೊಂದದಿದ್ದರೆ, ಪಟ್ಟಿಯಲ್ಲಿರುವ ಸಂಖ್ಯೆಗೇ ಕರೆ ಮಾಡಿ ವಿಚಾರಿಸಿ.

ನಂತರ, ಗ್ರಾಹಕರ ಹಣ ಮತ್ತು ಷೇರುಗಳು ಕಂಪನಿಯ ಸ್ವಂತ ಆಸ್ತಿಯಿಂದ ಪ್ರತ್ಯೇಕವಾಗಿವೆಯೇ, ಷೇರುಗಳು ನಿಮ್ಮ ಹೆಸರಿನಲ್ಲಿರುತ್ತವೆಯೇ ಅಥವಾ ಅವರ ಸಾಮೂಹಿಕ ಖಾತೆಯಲ್ಲಿರುತ್ತವೆಯೇ, ಅವನ್ನು ಇತರರಿಗೆ ಎರವಲು ಕೊಡಲು ಇಲ್ಲವೇ ಒತ್ತೆಯಿಡಲು ನೀವು ಒಪ್ಪಿಗೆ ಕೊಡುತ್ತಿದ್ದೀರಾ ಎಂದು ಕೇಳಿ. ಗ್ರಾಹಕರ ಹಣವನ್ನು ಪ್ರತ್ಯೇಕವಾಗಿಡಬೇಕೆಂಬ ನಿಯಮ ಇದ್ದ ಕಡೆಯೂ ಅದು ಮುರಿಯಬಹುದು. 2011ರಲ್ಲಿ ಅಮೆರಿಕದ ಎಂಎಫ್ ಗ್ಲೋಬಲ್ ಎಂಬ ಬ್ರೋಕರ್ ಕಂಪನಿ ದಿವಾಳಿಯಾದಾಗ ಪ್ರತ್ಯೇಕವಾಗಿರಬೇಕಿದ್ದ ಗ್ರಾಹಕರ ಹಣದಲ್ಲೇ ಭಾರಿ ಕೊರತೆ ಕಂಡುಬಂದಿತ್ತು. ಆದ್ದರಿಂದ ಬ್ರೋಕರ್ ಮುಳುಗಿದರೆ ಯಾವ ಪರಿಹಾರ ನಿಧಿ ಎಷ್ಟರವರೆಗೆ ಕೊಡುತ್ತದೆ ಎಂಬುದನ್ನೂ ತಿಳಿದುಕೊಳ್ಳಿ. ಮಾರುಕಟ್ಟೆ ಇಳಿದು ಆಗುವ ನಷ್ಟವನ್ನು ಅಂಥ ನಿಧಿಗಳು ತುಂಬಿಕೊಡುವುದಿಲ್ಲ.

ಸ್ವಲ್ಪ ಹಣ ಹಾಕಿ ಹಿಂಪಡೆದು ಪರೀಕ್ಷಿಸಿದರೆ ಸಾಕು ಎಂದು ನಿಮಗೆ ಹಲವರು ಹೇಳಬಹುದು. ಆ ಪರೀಕ್ಷೆಯಿಂದ ಶುಲ್ಕ ಮತ್ತು ಹಣ ಬರಲು ಹಿಡಿಯುವ ದಿನಗಳು ತಿಳಿಯುತ್ತವೆ, ಆದರೆ ಪ್ರಾಮಾಣಿಕತೆ ಸಾಬೀತಾಗುವುದಿಲ್ಲ. ವಂಚಕ ಆ್ಯಪ್‌ಗಳು ನಂಬಿಕೆ ಹುಟ್ಟಿಸಲೆಂದೇ ಮೊದಮೊದಲು ಸಣ್ಣ ಮೊತ್ತಗಳನ್ನು ಸಲೀಸಾಗಿ ಹಿಂದಿರುಗಿಸುತ್ತವೆ. ದೊಡ್ಡ ಮೊತ್ತ ಕೇಳಿದಾಗ ತೆರಿಗೆಯೆಂದೋ, ಪರಿಶೀಲನಾ ಶುಲ್ಕವೆಂದೋ, ಭದ್ರತಾ ಠೇವಣಿಯೆಂದೋ ಹೊಸದಾಗಿ ಹಣ ಕಟ್ಟಲು ಹೇಳುತ್ತವೆ. ನಿಜವಾದ ಬ್ರೋಕರ್ ತನಗೆ ಬರಬೇಕಾದ ಶುಲ್ಕವನ್ನು ನಿಮ್ಮ ಖಾತೆಯಲ್ಲಿರುವ ಹಣದಿಂದಲೇ ಕಡಿತ ಮಾಡಿಕೊಳ್ಳುತ್ತಾನೆ. ನಿಮ್ಮದೇ ಹಣ ಬಿಡಿಸಿಕೊಳ್ಳಲು ಇನ್ನಷ್ಟು ಹಣ ಕಳುಹಿಸಿ ಎಂದ ಕ್ಷಣವೇ ಪಾವತಿ ನಿಲ್ಲಿಸಿ, ಸಂದೇಶಗಳನ್ನೂ ವಹಿವಾಟಿನ ಸಂಖ್ಯೆಗಳನ್ನೂ ಉಳಿಸಿಕೊಂಡು, ಅದೇ ದಿನ ನಿಮ್ಮ ಬ್ಯಾಂಕಿಗೆ ಮತ್ತು ನಿಯಂತ್ರಕ ಸಂಸ್ಥೆಗೆ ದೂರು ಕೊಡಿ.