ತುಂಡು ವಾಕ್ಯಗಳಿಗೆ ಕೊಂಡಿ ಹಾಕುವುದು ಹೇಗೆ?

ಪ್ರಶ್ನೆ: ಹಾವೇರಿಯಲ್ಲಿ ಪಿಯುಸಿ ಓದುತ್ತಿದ್ದೇನೆ. ನನ್ನ ಪ್ರಬಂಧದ ವಾಕ್ಯಗಳು ತುಂಡು ತುಂಡಾಗಿವೆ ಎಂದು ಗುರುಗಳು ಹೇಳುತ್ತಾರೆ. ‘ಮತ್ತು’, ‘ಆದ್ದರಿಂದ’ ಸೇರಿಸಿ ನೋಡಿದೆ, ಸರಿಹೋಗಲಿಲ್ಲ. ಒಂದು ಭಾಗ ಕಳಿಸಿದ್ದೇನೆ: ‘ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಕಡುಗೆಂಪು. ಅದರ ಸಿಪ್ಪೆ ಸುಕ್ಕಾಗಿರುತ್ತದೆ. ಅದರಲ್ಲಿ ಖಾರ ಕಡಿಮೆ. ಅದಕ್ಕೆ ಬೇಡಿಕೆ ಹೆಚ್ಚು. ರೈತರು ಅದನ್ನು ಬಿಸಿಲಿಗೆ ಒಣಗಿಸುತ್ತಾರೆ. ಅವರು ಅದನ್ನು ಚೀಲಕ್ಕೆ ತುಂಬುತ್ತಾರೆ. ಅವರು ಅದನ್ನು ಮಾರುಕಟ್ಟೆಗೆ ತರುತ್ತಾರೆ. ಮಳೆ ಬರುತ್ತದೆ. ಕಾಯಿಗೆ ಬೂಷ್ಟು ಹಿಡಿಯುತ್ತದೆ.’

ಉತ್ತರ: ಈ ಒಂಬತ್ತು ವಾಕ್ಯಗಳಲ್ಲಿ ಯಾವುದೂ ನಾಲ್ಕು ಪದಗಳನ್ನು ದಾಟಿಲ್ಲ. ಎರಡನೆಯದರಿಂದ ಏಳನೆಯದರವರೆಗೆ ಪ್ರತಿಯೊಂದರಲ್ಲೂ ‘ಅದು’ ಯಾವುದಾದರೊಂದು ವಿಭಕ್ತಿಯಲ್ಲಿ ಮರಳಿ ಬಂದಿದೆ. ಒಂದೇ ಸರ್ವನಾಮ ಹೀಗೆ ಸಾಲಾಗಿ ನಿಂತರೆ, ಒಂದಾಗಬೇಕಾದ ವಾಕ್ಯಗಳು ಬಿಡಿಯಾಗಿ ಉಳಿದಿವೆ ಎಂದೇ ಅರ್ಥ.

ಕೊಂಡಿಯ ಪದವನ್ನು ಹುಡುಕುವ ಮೊದಲು ಎರಡು ಸಂಗತಿಗಳ ನಡುವಿನ ಸಂಬಂಧವನ್ನು ಕೇಳಿಕೊಳ್ಳಿ. ‘ಖಾರ ಕಡಿಮೆ, ಆದ್ದರಿಂದ ಬೇಡಿಕೆ ಹೆಚ್ಚು’ ಎಂದು ಬರೆದರೆ ಓದುಗ ತಬ್ಬಿಬ್ಬಾಗುತ್ತಾನೆ, ಏಕೆಂದರೆ ಬೇಡಿಕೆಗೆ ಮುಖ್ಯ ಕಾರಣವಾದ ಬಣ್ಣ ಮೂರು ವಾಕ್ಯಗಳ ಹಿಂದೆಯೇ ಉಳಿದುಬಿಟ್ಟಿದೆ. ದೋಷವಿರುವುದು ಕೊಂಡಿಯಲ್ಲಲ್ಲ, ಸಂಗತಿಗಳ ಕ್ರಮದಲ್ಲಿ. ಕಾರಣವನ್ನು ಫಲದ ಪಕ್ಕಕ್ಕೆ ತನ್ನಿ. ಸಿಪ್ಪೆಯ ಸುಕ್ಕು ಬರಿಯ ವರ್ಣನೆಯಾದ್ದರಿಂದ ಅದು ವಿಶೇಷಣವಾಗಿ ಹೆಸರಿನ ಹಿಂದೆ ಸೇರಲಿ.

ಒಣಗಿಸುವುದು, ತುಂಬುವುದು, ತರುವುದು ಒಬ್ಬರೇ ಕ್ರಮವಾಗಿ ಮಾಡುವ ಕೆಲಸಗಳು. ಇಂಥಲ್ಲಿ ಕನ್ನಡಕ್ಕೆ ‘ಮತ್ತು’ ಬೇಕಾಗಿಲ್ಲ. ‘ಒಣಗಿಸಿ’, ‘ತುಂಬಿ’ ಎಂಬ ಕೃದಂತಾವ್ಯಯಗಳೇ ಕೊಂಡಿಯಾಗುತ್ತವೆ. (ಎರಡು ಪೂರ್ಣ ಕ್ರಿಯಾಪದಗಳ ನಡುವೆ ಬರುವ ‘ಮತ್ತು’ ನನ್ನ ಕಿವಿಗೆ ಯಾವಾಗಲೂ ಇಂಗ್ಲಿಷಿನ ನೆರಳಿನಂತೆಯೇ ಕೇಳುತ್ತದೆ.) ಹೀಗೆ ತಿದ್ದಬಹುದು:

‘ಸುಕ್ಕು ಸಿಪ್ಪೆಯ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಖಾರ ಕಡಿಮೆಯಿದ್ದರೂ ಬಣ್ಣ ಕಡುಗೆಂಪಾಗಿರುವುದರಿಂದ ಬೇಡಿಕೆ ಹೆಚ್ಚು. ರೈತರು ಕಾಯಿಯನ್ನು ಬಿಸಿಲಿಗೆ ಒಣಗಿಸಿ, ಚೀಲಕ್ಕೆ ತುಂಬಿ ಮಾರುಕಟ್ಟೆಗೆ ತರುತ್ತಾರೆ. ನಡುವೆ ಮಳೆಗೆ ಸಿಕ್ಕರೆ ಬೂಷ್ಟು.’

ಕೊನೆಯ ವಾಕ್ಯವನ್ನು ಬೇಕೆಂದೇ ಮೊಟಕಾಗಿಸಿ, ಕ್ರಿಯಾಪದವನ್ನೂ ಬಿಟ್ಟಿದ್ದೇನೆ. ಎರಡು ಉದ್ದ ವಾಕ್ಯಗಳ ನಂತರ ಬಂದದ್ದರಿಂದ ಆ ನಷ್ಟ ಥಟ್ಟನೆ ತಟ್ಟುತ್ತದೆ. ನಿಮ್ಮ ಮೂಲದಲ್ಲಿ ಎಲ್ಲವೂ ಮೊಟಕಾಗಿದ್ದುದರಿಂದ ಅದು ಉಳಿದವುಗಳ ನಡುವೆ ಕಳೆದುಹೋಗಿತ್ತು.

ಕೃದಂತದ ರುಚಿ ಹತ್ತಿದವರು ಎಡವುವುದು ಕರ್ತೃ ಬದಲಾಗುವಲ್ಲಿ. ‘ರೈತ ಮಾರುಕಟ್ಟೆಗೆ ಬಂದು ದರ ಕುಸಿಯಿತು’ ಎಂಬುದು ತಪ್ಪು, ಏಕೆಂದರೆ ಬಂದವನು ರೈತ, ಕುಸಿದದ್ದು ದರ. ಅಲ್ಲಿ ‘ರೈತ ಬರುವಷ್ಟರಲ್ಲಿ ದರ ಕುಸಿದಿತ್ತು’ ಎನ್ನಬೇಕು. ‘ಮಳೆ ಬಂದು ಬೆಳೆ ಹಾಳಾಯಿತು’ ಎಂಬಲ್ಲಿ ಕರ್ತೃ ಬೇರೆಯಾದರೂ, ಮೊದಲನೆಯದೇ ಎರಡನೆಯದಕ್ಕೆ ಕಾರಣವಾದ್ದರಿಂದ ಭಾಷೆ ಅದನ್ನು ಒಪ್ಪುತ್ತದೆ. ತಿದ್ದಿದ ಮೇಲೆ ಒಮ್ಮೆ ಗಟ್ಟಿಯಾಗಿ ಓದಿ, ಪ್ರತಿ ಕೃದಂತದ ಬಳಿ ನಿಂತು ‘ಯಾರು?’ ಎಂದು ಕೇಳಿಕೊಳ್ಳಿ.