ಅದೇ ಟ್ಯೂನ್ ವಾಪಸ್ ಬಂದಾಗ ಬದಲಾಗೋದೇನು?

“ಸೊನಾಟಾ ಫಾರ್ಮ್‌ನಲ್ಲಿ ರೀಕ್ಯಾಪಿಟ್ಯುಲೇಷನ್ ಅಂದರೆ ಎಕ್ಸ್‌ಪೊಸಿಷನ್ನನ್ನೇ ಮತ್ತೆ ನುಡಿಸೋದು ಅಲ್ವಾ? ಕೇಳುವಾಗ ನನಗೆ ವ್ಯತ್ಯಾಸವೇ ಗೊತ್ತಾಗಲ್ಲ.”

ಸೊನಾಟಾ ಫಾರ್ಮ್‌ನಲ್ಲಿ ಮೂರು ಭಾಗ: ಟ್ಯೂನ್‌ಗಳನ್ನು ಪರಿಚಯಿಸುವ ಎಕ್ಸ್‌ಪೊಸಿಷನ್, ಅವನ್ನು ಒಡೆದು ಅಲೆಸುವ ಡೆವಲಪ್‌ಮೆಂಟ್, ಅವನ್ನು ವಾಪಸ್ ತರುವ ರೀಕ್ಯಾಪಿಟ್ಯುಲೇಷನ್. ವ್ಯತ್ಯಾಸ ಗೊತ್ತಾಗಬೇಕಾದರೆ ಮೊದಲ ಟ್ಯೂನ್ ಬಿಡಿ, ಎರಡನೆಯದನ್ನು ಹಿಂಬಾಲಿಸಿ. ಮೊಜಾರ್ಟ್‌ನ 40ನೇ ಸಿಂಫನಿಯ (1788) ಮೊದಲ ಮೂವ್‌ಮೆಂಟ್ ಹಾಕಿಕೊಳ್ಳಿ. ಜಿ ಮೈನರ್‌ನಲ್ಲಿ ನಿಟ್ಟುಸಿರಿನಂಥ ಮೂರು ಸ್ವರಗಳಿಂದ ಶುರುವಾಗುತ್ತದೆ. ಸ್ವಲ್ಪ ಹೊತ್ತಿಗೆ ಎಲ್ಲ ವಾದ್ಯಗಳೂ ಗಪ್‌ಚಿಪ್. ಆಮೇಲೆ ಪಿಟೀಲುಗಳೂ ಊದುವ ವಾದ್ಯಗಳೂ ಹಂಚಿಕೊಂಡು ನುಡಿಸುವ ಮೆತ್ತನೆಯ ಟ್ಯೂನ್ ಬರುತ್ತದೆ. ಅದು ಬಿ ಫ್ಲ್ಯಾಟ್ ಮೇಜರ್‌ನಲ್ಲಿದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಆಧಾರ ಷಡ್ಜವೇ ಬೇರೆ ಕಡೆ ಹೋಗಿದೆ. ಎರಡು ಷಡ್ಜಗಳ ಈ ಜಗಳವನ್ನು ಎಕ್ಸ್‌ಪೊಸಿಷನ್ ತೀರ್ಮಾನಿಸದೆ ಬಿಡುತ್ತದೆ.

ಇಲ್ಲೊಂದು ಮೋಸ ಇದೆ. ಎಷ್ಟೋ ರೆಕಾರ್ಡಿಂಗ್‌ಗಳಲ್ಲಿ ಎಕ್ಸ್‌ಪೊಸಿಷನ್ ಎರಡು ಸಲ ಬರುತ್ತದೆ. ಅದನ್ನೇ ನಾನು ವರ್ಷಗಟ್ಟಲೆ ರೀಕ್ಯಾಪಿಟ್ಯುಲೇಷನ್ ಅಂದುಕೊಂಡಿದ್ದೆ!

ಡೆವಲಪ್‌ಮೆಂಟ್‌ನಲ್ಲಿ ಮೊದಲ ಟ್ಯೂನ್ ದಿಢೀರನೆ ಎಫ್ ಶಾರ್ಪ್ ಮೈನರ್‌ಗೆ ಜಾರುತ್ತದೆ. ಆಮೇಲೆ ಊರೂರು ಅಲೆದು, ಚೂರುಚೂರಾಗಿ, ಕೊನೆಗೆ ಆ ಮೂರು ಸ್ವರ ಮಾತ್ರ ಉಳಿಯುತ್ತದೆ. ಊದುವ ವಾದ್ಯಗಳು ಮೆಲ್ಲಗೆ ಇಳಿಯುತ್ತಿರುವಾಗಲೇ, ಅವು ಮುಗಿಸುವ ಮುಂಚೆಯೇ, ಪಿಟೀಲುಗಳು ಕೆಳಗಿಂದ ಮೂಲ ಟ್ಯೂನ್ ಎತ್ತಿಕೊಂಡುಬಿಡುತ್ತವೆ. ರೀಕ್ಯಾಪಿಟ್ಯುಲೇಷನ್ ಶುರುವಾಗಿದ್ದೇ ನಿಮಗೆ ಗೊತ್ತಾಗದಿದ್ದರೆ ತಪ್ಪು ನಿಮ್ಮದಲ್ಲ.

ಈಗ ಎರಡನೇ ಟ್ಯೂನ್‌ಗೆ ಕಾಯಿರಿ. ಈ ಸಲ ಅದೂ ಜಿ ಮೈನರ್‌ನಲ್ಲೇ ಬರುತ್ತದೆ. ಅದೇ ಟ್ಯೂನ್, ಆದರೆ ಮುಖದ ನಗು ಹೋಗಿದೆ. ಎರಡು ಜಾಗಗಳನ್ನೂ ಬೆನ್ನುಬೆನ್ನಿಗೆ ಹಾಕಿ ಕೇಳಿ ನೋಡಿ.